ಅಂಟಿಸದ ಲಕೋಟೆಯ ಕಥೆ

ಒಂದೇ ಕುಟುಂಬದ ಮೂರು ತಲೆಮಾರಿನ ಕಥೆಯನ್ನು ಸಂಕ್ರಾಂತಿ ಕಾರ್ಡುಗಳಲ್ಲೇ ಹೇಳಿ ಮುಗಿಸಬಹುದೇ? ಹಬ್ಬದ ಕಾರ್ಡಿನಲ್ಲಿ ಹೇಳುವುದಕ್ಕೆ ಜಾಗವೇ ಇಲ್ಲ. ಎಳ್ಳು, ಕಬ್ಬು, ಸೂರ್ಯನ ಚಿತ್ರ, ಅಚ್ಚು ಹಾಕಿದ ಎರಡು ಸಾಲು, ಕೆಳಗೊಂದು ಸಹಿ, ಅಷ್ಟೇ. ಅಂಚೆಯ ದರವೂ ಮಾತನ್ನು ಕಟ್ಟಿಹಾಕುತ್ತಿತ್ತು. ಲಕೋಟೆಯ ಬಾಯಿ ಅಂಟಿಸದೆ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದರೆ ಕಡಿಮೆ ಸ್ಟಾಂಪು ಸಾಕಾಗುತ್ತಿತ್ತು. ಆದರೆ ಒಳಗೆ ಕೈಯಿಂದ ಬರೆಯಲು ಶುಭಾಶಯದ ನಾಲ್ಕೈದು ಮಾತಿಗಷ್ಟೇ ಅವಕಾಶ. ಮನೆಯ ಸುದ್ದಿ ಬರೆದರೆ ಅದು ಕಾಗದವಾಯಿತು, ಕಾಗದದ ದರ ಕೊಡಬೇಕು. ಕೊಡದಿದ್ದರೆ ಪತ್ರ ‘ಬೇರಿಂಗ್’ ಆಗಿ, ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಪಡೆದವರೇ ತೆರಬೇಕಿತ್ತು.

ಹಾಗಾಗಿ ಇಂಥ ಕಥೆ ಕಾರ್ಡಿನ ಒಳಗೆ ನಡೆಯುವುದಕ್ಕಿಂತ ಲಕೋಟೆಯ ಮೇಲೆ ಹೆಚ್ಚು ನಡೆಯುತ್ತದೆ. ಒಂದನ್ನು ಕಟ್ಟಿ ನೋಡೋಣ. ಜನ ಕಲ್ಪನೆಯವರು, ಅಂಚೆಯ ವಿವರಗಳು ನಿಜವಾದವು.

ಮೊದಲ ಕಾರ್ಡು 1971ರ ಜನವರಿಯದು, ಧಾರವಾಡದಿಂದ ಮೈಸೂರಿಗೆ. ಮಗಳು ಹಿಂದಿನ ವರ್ಷ ಅಪ್ಪನ ಮಾತು ಮೀರಿ ಮದುವೆಯಾಗಿದ್ದಾಳೆ. ಇದನ್ನು ಕಥೆಗಾರ ಎಲ್ಲೂ ಹೇಳಬೇಕಾಗಿಲ್ಲ. ‘ಎಳ್ಳು ಬೆಲ್ಲಧಾಂಗ ಇರ್ರಿ’ ಎಂಬ ಸಾಲಿನ ಕೆಳಗೆ ‘ಅವ್ವ’ ಎಂದಷ್ಟೇ ಇದೆ. ಅಪ್ಪನ ಸಹಿ ಇಲ್ಲ. ಆದರೆ ಲಕೋಟೆ ತಿರುಗಿಸಿದರೆ ವಿಳಾಸ ಬೇರೆಯ ಕೈಬರಹದಲ್ಲಿದೆ. ಸಾಲೀ ಮಾಸ್ತರರ ನೆಟ್ಟಗಿನ ಅಕ್ಷರ, ‘ಶ್ರೀ’ ಸೇರಿಸಿ ಬರೆದ ಅಳಿಯನ ಪೂರ್ತಿ ಹೆಸರು.

ಮುಂದಿನ ವರ್ಷಗಳಲ್ಲೂ ಅದೇ. ಒಳಗೆ ಅವ್ವ, ಹೊರಗೆ ಅಪ್ಪನ ಅಕ್ಷರ. ಕಾಲ ಸರಿದದ್ದನ್ನು ವಿಳಾಸವೇ ಹೇಳುತ್ತದೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. 1973ರ ಲಕೋಟೆಯಲ್ಲಿ ಮಾಸ್ತರರು ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾಯಿತು. 1974ರ ಲಕೋಟೆಯಲ್ಲಿ ‘ಮೈಸೂರು ರಾಜ್ಯ’ ಹೋಗಿ ‘ಕರ್ನಾಟಕ’ ಬಂದಿದೆ. ಕಥೆ ಬರೆಯುವವರು ಎಡವುವುದು ಇಲ್ಲೇ. 1970ರ ಲಕೋಟೆಗೆ ಪಿನ್‌ಕೋಡ್ ಹಾಕಿಬಿಟ್ಟರೆ ಬಲ್ಲ ಓದುಗರ ನಂಬಿಕೆ ಅಲ್ಲಿಗೇ ಮುರಿಯುತ್ತದೆ.

1979ರಲ್ಲಿ ಮೈಸೂರಿನಿಂದ ಹೋದ ಕಾರ್ಡಿನಲ್ಲಿ ಮೊಮ್ಮಗಳ ಸೊಟ್ಟ ಅಕ್ಷರ: ‘ಅಜ್ಜ ಯಾಕೆ ಸಹ ಮಾಡಿಲ್ಲ?’

1980ರಲ್ಲಿ ಧಾರವಾಡದಿಂದ ಬಂದ ಲಕೋಟೆಯ ಬಾಯಿ ಅಂಟಿಸಿದೆ. ಬುಕ್ ಪೋಸ್ಟ್ ಎಂದು ಬರೆದಿಲ್ಲ, ಕಾಗದದ ಪೂರ್ತಿ ದರದ ಸ್ಟಾಂಪಿದೆ. ಒಳಗೆ ಪುಟ್ಟ ಪೊಟ್ಟಣದಲ್ಲಿ ಕುಸುರೆಳ್ಳು. ಎಳ್ಳನ್ನು ಸಣ್ಣ ಉರಿಯ ಮೇಲೆ ಬೆರಳಾಡಿಸುತ್ತ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಟ್ಟು, ದಿನಗಟ್ಟಲೆ ಮುಳ್ಳು ಬರಿಸುವ ಆ ಎಳ್ಳು ಠಸ್ಸೆಯ ಏಟಿಗೆ ಅರ್ಧ ಪುಡಿಯಾಗಿದೆ. ಕಾರ್ಡಿನಲ್ಲಿ ‘ಅವ್ವ’ದ ಪಕ್ಕ ‘ಅಪ್ಪ’. ಜೊತೆಗೊಂದು ಅರ್ಧ ಹಾಳೆ, ಮೊಮ್ಮಗಳಿಗೆ: ‘ಅಕ್ಷರ ಛಲೋ ಅವ. ಸಹಿಯೊಳಗ ಗುಡಿಸು ಬಿಟ್ಟೀದಿ. ತಿದ್ದಿ ಮತ್ತ ಬರಿ. ಅಜ್ಜ.’ ಒಂಬತ್ತು ವರ್ಷದ ಮೌನದ ಬಗ್ಗೆ ಅವರು ಬರೆಯುವುದು ಇಷ್ಟೇ. ಇಲ್ಲಿ ಕ್ಷಮೆಯ ಮಾತು ಸೇರಿಸಿದರೆ ಕಥೆ ಕೆಟ್ಟಿತು.

1992ರಲ್ಲಿ ಕಾರ್ಡೇ ಇಲ್ಲ. ಸಾವಿನ ಮನೆಯಲ್ಲಿ ವರ್ಷವಿಡೀ ಹಬ್ಬವಿಲ್ಲ ಎಂಬುದನ್ನು ಬಲ್ಲ ಕನ್ನಡದ ಓದುಗರಿಗೆ ಆ ಖಾಲಿಯೇ ಸುದ್ದಿ. 1993ರ ಲಕೋಟೆಯ ವಿಳಾಸ ಅವ್ವನ ಕೈಬರಹದಲ್ಲಿದೆ. ಬಡಾವಣೆ, ಬೀದಿ, ಪಿನ್‌ಕೋಡ್, ಒಂದೂ ತಪ್ಪಿಲ್ಲ. ಅವಳಿಗೆ ಮೊದಲಿನಿಂದಲೂ ಬರೆಯಲು ಬರುತ್ತಿತ್ತು. ಪ್ರತಿ ವರ್ಷ ಲಕೋಟೆಯನ್ನು ಗಂಡನ ಮುಂದಿಟ್ಟು ಅಳಿಯನ ಹೆಸರು ಬರೆಸುತ್ತಿದ್ದವಳು ಅವಳೇ. ನನ್ನ ಮಟ್ಟಿಗೆ ಈ ಕಥೆಯ ನಾಯಕಿ ಅವ್ವ, ಮತ್ತು ಅದು ನಮಗೆ ತಿಳಿಯುವುದು ಇಪ್ಪತ್ತೆರಡು ವರ್ಷ ತಡವಾಗಿ.

ಮೂರನೆಯ ತಲೆಮಾರು ಬೆಂಗಳೂರಿನಲ್ಲಿದೆ. ಮೊಮ್ಮಗಳ ಶುಭಾಶಯ ಈಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಲಕೋಟೆಯಿಲ್ಲ, ಕೈಬರಹವಿಲ್ಲ. 2018ರಿಂದ, ಬೇರೆಯವರು ಕಳಿಸಿದ್ದನ್ನು ದಾಟಿಸಿದರೆ ‘ಫಾರ್ವರ್ಡೆಡ್’ ಎಂಬ ಗುರುತು ಮಾತ್ರ ಮೇಲೆ ಬೀಳುತ್ತದೆ. ಕೊನೆಯ ಕಾರ್ಡಾಗಿ ನಾನು ಆಯುವುದು ಆ ಗುರುತಿಲ್ಲದ ಒಂದು ಸಂದೇಶ: ತಾಯಿಗೆ ಬಂದ, ಅವಳೇ ಬೆರಳಚ್ಚಿಸಿದ ‘ಎಳ್ಳು ಬೆಲ್ಲಧಾಂಗ ಇರೂಣು’. ಮೈಸೂರಿನಲ್ಲಿ ಬೆಳೆದವಳ ಬಾಯಲ್ಲಿ ಧಾರವಾಡದ ಮಾತು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲೂ ಇಂಥ ಕಾರ್ಡುಗಳಿರಬಹುದು. ಅವುಗಳ ಲಕೋಟೆ ಎಸೆಯಬೇಡಿ, ಸ್ಟಾಂಪು ಕೀಳಬೇಡಿ, ಠಸ್ಸೆಯ ತಾರೀಖು ಅದರಲ್ಲೇ ಇದೆ. ಯಾವುದು ಯಾರ ಅಕ್ಷರವೆಂದು ಗುರುತಿಸಬಲ್ಲ ಹಿರಿಯರು ಇದ್ದಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.