ಮಾತಿಗಿಂತ ಮುಂದೆ ಓಡುವ ಸಬ್‌ಟೈಟಲ್

ಕನ್ನಡದ ವಾಕ್ಯದಲ್ಲಿ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಕೊನೆಯ ಕ್ರಿಯಾಪದದಲ್ಲಿ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬಂದುಬಿಡುತ್ತದೆ. ಕನ್ನಡದ ಸಂದರ್ಶನಕ್ಕೆ ಎರಡೂ ಭಾಷೆಯ ಸಬ್‌ಟೈಟಲ್ ಕೂರಿಸುವವರಿಗೆ ಹೆಚ್ಚು ಕೆಲಸ ಕೊಡುವುದು ಇದೇ.

ಅಜ್ಜಿಯೊಬ್ಬರು ಕ್ಯಾಮೆರಾ ಮುಂದೆ ಕೂತು, “ಅಪ್ಪ ತೀರಿಕೊಂಡ ಮೇಲೆ ಆ ಎರಡು ಎಕರೆ ಗದ್ದೇನ ನಾವು...” ಎಂದು ತಡೆಯುತ್ತಾರೆ ಎಂದುಕೊಳ್ಳಿ. ಒಂದು ಸೆಕೆಂಡ್ ಮೌನ. ಆಮೇಲೆ “ಮಾರಲೇ ಇಲ್ಲ” ಎನ್ನುತ್ತಾರೆ. ಇಡೀ ಮಾತಿಗೆ ಹಿಡಿದದ್ದು ಆರೂವರೆ ಸೆಕೆಂಡ್. ಒಂದು ಸಬ್‌ಟೈಟಲ್ ಹೆಚ್ಚೆಂದರೆ 7 ಸೆಕೆಂಡ್ ನಿಲ್ಲಬಹುದು ಎಂಬ ನೆಟ್‌ಫ್ಲಿಕ್ಸ್ ನಿಯಮದೊಳಗೇ ಇದೆ. ಹಾಗಾಗಿ ಇಡೀ ಇಂಗ್ಲಿಷ್ ವಾಕ್ಯವನ್ನು ಒಂದೇ ಸಲ ತೋರಿಸಿದರೂ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ. ಆದರೆ ಕನ್ನಡ ಬಾರದ ನೋಡುಗರು ಎರಡೇ ಸೆಕೆಂಡಿನಲ್ಲಿ ಓದಿ ಮುಗಿಸಿರುತ್ತಾರೆ. ಅಜ್ಜಿ ತಡೆದು ನಿಂತಾಗ ಅವರಿಗೆ ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಹೀಗಾಗಿ ಇಂಗ್ಲಿಷ್ ವಾಕ್ಯವನ್ನು ಆ ಮೌನದ ಜಾಗದಲ್ಲೇ ಮುರಿಯಬೇಕು. ಎಸ್‌ಆರ್‌ಟಿ ಫೈಲಿನಲ್ಲಿ ಅದು ಹೀಗಿರುತ್ತದೆ:

```
1
00:00:12,400 --> 00:00:16,000
After Father died, those two acres...

2
00:00:17,100 --> 00:00:19,000
we never sold them.
```

ಅಲ್ಪವಿರಾಮದ ನಂತರದ ಮೂರು ಅಂಕಿಗಳು ಸೆಕೆಂಡಿನ ಸಾವಿರದ ಭಾಗಗಳು. ನಡುವಿನ 1.1 ಸೆಕೆಂಡ್ ಪರದೆ ಖಾಲಿ. ಇಂಗ್ಲಿಷಿನ ಸಹಜ ಪದಕ್ರಮ ತುಸು ಬಾಗಿದೆ, ನಿಜ. ಆದರೂ ಅಜ್ಜಿಯ ಮುಖ ಮತ್ತು ಅರ್ಥ ಒಟ್ಟಿಗೆ ತಲುಪುವುದಾದರೆ ಅಷ್ಟು ಬಾಗಿಸಬಹುದು ಎಂದೇ ನನ್ನ ಅಭಿಪ್ರಾಯ. ಕನ್ನಡದ ಸಾಲುಗಳಿಗೂ ಇದೇ ಸಮಯ ಕೊಡಿ. ಒಂದು ಭಾಷೆಯ ಸಾಲು ಮೊದಲು ಮಾಯವಾದರೆ ಕಣ್ಣು ಸುಮ್ಮನೆ ಅತ್ತ ಎಳೆಯುತ್ತದೆ.

ಓದುವ ವೇಗದ ಲೆಕ್ಕದಲ್ಲಿ ಮಾತ್ರ ಕನ್ನಡದ ದಾರಿ ಬೇರೆ. ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಎಣಿಸುವ ಎಷ್ಟೋ ತಂತ್ರಾಂಶಗಳು ಒತ್ತು, ಗುಣಿತಗಳನ್ನೂ ಬೇರೆಬೇರೆಯಾಗಿ ಎಣಿಸುತ್ತವೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಹಾಗಾಗಿ ಕನ್ನಡದ ಸಾಲು ಕೆಂಪಾದ ಮಾತ್ರಕ್ಕೆ ಪದ ಕತ್ತರಿಸಲು ಹೋಗಬೇಡಿ. ವಿಡಿಯೊ ಓಡಿಸಿ, ಸಾಲನ್ನು ಬಾಯಲ್ಲಿ ಓದಿ ನೋಡಿ. ಅದು ಮರೆಯಾಗುವ ಮೊದಲು ಓದಿ ಮುಗಿದರೆ ಸಾಕು.

ಎಲ್ಲ ಕೂರಿಸಿದ ಮೇಲೆ ಮೊದಲ ಸಾಲು, ಕೊನೆಯ ಸಾಲು ಎರಡನ್ನೂ ಪರೀಕ್ಷಿಸಿ. ಎರಡೂ ಒಂದೇ ಅಳತೆಯಲ್ಲಿ ತಡವಾಗಿದ್ದರೆ ಇಡೀ ಫೈಲನ್ನು ಅಷ್ಟು ಹಿಂದಕ್ಕೆ ಸರಿಸಿದರಾಯಿತು. ಮೊದಲು ಸರಿಯಿದ್ದು ಹೋಗುತ್ತ ಹೋಗುತ್ತ ತಡವಾಗುತ್ತಿದ್ದರೆ ದೋಷ ಇರುವುದು ಫ್ರೇಮ್ ವೇಗದಲ್ಲಿ. 24 ಫ್ರೇಮಿನ ವಿಡಿಯೊಗೆ ಹೊಂದಿಸಿದ ಫೈಲು, 25ರ ವೇಗಕ್ಕೇರಿಸಿದ ಪ್ರತಿಯಲ್ಲಿ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ಹಿಂದೆ ಬೀಳುತ್ತದೆ. ಇಂಥದ್ದನ್ನು ಸಾಲುಸಾಲಾಗಿ ತಿದ್ದುತ್ತ ಕೂರಬೇಡಿ. Subtitle Edit ನಂಥ ತಂತ್ರಾಂಶದಲ್ಲಿ ಹಳೆಯ ವೇಗ, ಹೊಸ ವೇಗ ಎರಡನ್ನೂ ಕೊಟ್ಟರೆ ಇಡೀ ಫೈಲು ಒಮ್ಮೆಗೇ ಸರಿಹೋಗುತ್ತದೆ.