‘ಹಾಯ್’ ಎಂದವರಿಗೆ ಮೊದಲ ಉತ್ತರ

ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಟಿಕೆಟ್ ಬುಕ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಫೋನಿನಿಂದಲೇ ದುಡ್ಡು ಕಟ್ಟಿದಿರಿ. ಖಾತೆಯಿಂದ ಹಣ ಹೋಯಿತು, ಟಿಕೆಟ್ ಮಾತ್ರ ಬರಲಿಲ್ಲ. ಬುಕಿಂಗ್ ಆಫೀಸಿನ ವಾಟ್ಸಾಪ್ ನಂಬರ್ ತೆಗೆದು ಮೊದಲು ಏನು ಬರೆಯುತ್ತೀರಿ? ಬಹಳ ಮಂದಿ ಬರೆಯುವುದು ‘ಹಾಯ್’ ಅಥವಾ ‘ನಮಸ್ತೆ ಸರ್’. ಆ ಕಡೆಯಿಂದ ‘ನಮಸ್ಕಾರ, ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು’ ಎಂದು ಬರುತ್ತದೆ. ನೀವು ‘ಸರ್ ಇದ್ದೀರಾ?’ ಎನ್ನುತ್ತೀರಿ. ‘ಹೇಳಿ’ ಎಂದು ಉತ್ತರ ಬರುವಷ್ಟರಲ್ಲಿ ಕಾಲು ಗಂಟೆ ಕಳೆದಿದೆ, ಹಣದ ಮಾತು ಇನ್ನೂ ಎತ್ತೇ ಇಲ್ಲ.

ಈ ‘ಹಾಯ್’ ಬರೀ ಮರ್ಯಾದೆಯ ಮಾತಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನ್ಯುಯೆಲ್ ಶೆಗ್ಲಾಫ್ ದೂರವಾಣಿ ಸಂಭಾಷಣೆಗಳ ಆರಂಭವನ್ನು ಕುರಿತು 1968ರಲ್ಲಿ ಒಂದು ಪ್ರಬಂಧ ಬರೆದರು. ಫೋನಿನ ಗಂಟೆ ಒಂದು ಕರೆ, ಎತ್ತಿದವರ ‘ಹಲೋ’ ಅದಕ್ಕೆ ಓಗೊಡುವುದು; ಓಗೊಟ್ಟ ಮೇಲೆ ಕರೆದವರು ವಿಷಯ ಎತ್ತಬೇಕು ಎಂಬುದು ಅವರು ತೋರಿಸಿದ ಕ್ರಮ. ಚಾಟ್‌ನಲ್ಲಿ ಗ್ರಾಹಕರ ‘ಹಾಯ್’ ಆ ಗಂಟೆಯ ಕೆಲಸ ಮಾಡುತ್ತದೆ. ಆ ಕಡೆ ಮನುಷ್ಯರಿದ್ದಾರೋ ಇಲ್ಲವೋ ಎಂಬುದು ಅವರಿಗೆ ಮೊದಲು ತಿಳಿಯಬೇಕು. ತಿಳಿಯುವ ತನಕ ಪೂರ್ತಿ ಕಥೆ ಟೈಪ್ ಮಾಡಲು ಯಾರಿಗೂ ಮನಸ್ಸು ಬಾರದು. ಹಾಗಾಗಿ ನಮ್ಮ ಮೊದಲ ಸಂದೇಶವು ನಮಸ್ಕಾರಕ್ಕೆ ನಮಸ್ಕಾರ ಹೇಳಿ ನಿಂತರೆ ಸಾಲದು. ‘ಇಲ್ಲಿ ಜನ ಇದ್ದೇವೆ, ಇಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತೇವೆ, ವಿಷಯ ಹೇಳಿ’ ಎಂಬ ಮೂರನ್ನೂ ಅದೊಂದೇ ಉಸಿರಿನಲ್ಲಿ ಹೇಳಬೇಕು.

ವಿಷಯ ಕೇಳುವುದು ಹೇಗೆ ಎಂಬುದೇ ಕಷ್ಟದ ಭಾಗ. ಬಹಳ ಕಡೆ ಎರಡು ತಪ್ಪುಗಳಲ್ಲಿ ಒಂದು ಕಾಣುತ್ತದೆ. ಒಂದು, ‘ನಿಮಗೆ ಹೇಗೆ ಸಹಾಯ ಮಾಡಬಹುದು?’ ಎಂಬ ಸಾಲು. ಉತ್ತರ ಎಲ್ಲಿಂದ ಶುರುಮಾಡಬೇಕೆಂದು ಅದು ಹೇಳುವುದೇ ಇಲ್ಲ. ಇನ್ನೊಂದು, ಮಾತು ಶುರುವಾಗುವ ಮೊದಲೇ ಹೆಸರು, ಮೊಬೈಲ್, ಇಮೇಲ್, ಬುಕಿಂಗ್ ನಂಬರ್ ಎಂದು ಅರ್ಜಿ ನಮೂನೆ ಮುಂದಿಡುವುದು. ಟಿಕೆಟ್ಟೇ ಬಾರದವರ ಹತ್ತಿರ ಬುಕಿಂಗ್ ನಂಬರ್ ಎಲ್ಲಿರುತ್ತದೆ? ಅವರು ಅಲ್ಲೇ ನಿಲ್ಲುತ್ತಾರೆ.

ವೈದ್ಯರ ಕೋಣೆಯಲ್ಲಿ ನಡೆದ ಒಂದು ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ ಜಾನ್ ಹೆರಿಟೇಜ್ ಮತ್ತು ಜೆಫ್ರಿ ರಾಬಿನ್ಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನವದು. ವೈದ್ಯರು ‘ಇವತ್ತು ಏನು ತೊಂದರೆ?’ ಎಂಬಂತೆ ತೆರೆದ ಪ್ರಶ್ನೆ ಕೇಳಿದಾಗ ರೋಗಿಗಳು ಹೆಚ್ಚು ಹೊತ್ತು ಮಾತಾಡಿ, ಹೆಚ್ಚು ಲಕ್ಷಣಗಳನ್ನು ಹೇಳಿದರು. ‘ಗಂಟಲು ನೋವಂತೆ, ಹೌದಾ?’ ಎಂದು ಮೊದಲೇ ಊಹಿಸಿ ಕೇಳಿದಾಗ ಉತ್ತರ ಚಿಕ್ಕದಾಯಿತು. ಚಾಟ್‌ನಲ್ಲಿ ಬರೀ ಬಟನ್‌ಗಳ ಪಟ್ಟಿ ಮುಂದಿಡುವುದೂ ಈ ಎರಡನೆಯ ಬಗೆಯ ಪ್ರಶ್ನೆಯೇ ಎಂದು ನನ್ನ ಅಭಿಪ್ರಾಯ. ಪ್ರಶ್ನೆ ತೆರೆದೇ ಇರಲಿ, ಆದರೆ ಉತ್ತರಕ್ಕೆ ಒಂದು ಹಿಡಿ ಸಿಗುವಂತಿರಲಿ.

ನಮ್ಮ ಬಸ್ ಆಫೀಸಿಗೆ ಹೀಗೊಂದು ಸಂದೇಶ ಬರೆಯಬಹುದು:

“ನಮಸ್ಕಾರ, ಬುಕಿಂಗ್ ಆಫೀಸಿನಿಂದ. ಏನಾಯಿತು ಎಂದು ಎರಡು ಸಾಲಿನಲ್ಲಿ ತಿಳಿಸಿ, ವಾಯ್ಸ್ ಮೆಸೇಜ್ ಆದರೂ ಸರಿ. ಯಾವ ಊರಿಂದ ಯಾವ ಊರಿಗೆ, ಯಾವ ತಾರೀಖು ಎಂದು ಹೇಳಿದರೆ ಬೇಗ ಹುಡುಕುತ್ತೇವೆ. ವಿಷಯ ಆಗಲೇ ಬರೆದಿದ್ದರೆ ಮತ್ತೆ ಬರೆಯಬೇಕಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 10ರವರೆಗೆ 10 ನಿಮಿಷದೊಳಗೆ ಉತ್ತರ ಕೊಡುತ್ತೇವೆ. ಈಗಲೇ ಬಸ್ ಹತ್ತಬೇಕಿದ್ದವರು ಇದೇ ನಂಬರಿಗೆ ಫೋನ್ ಮಾಡಿ.”

ಇದರಲ್ಲಿ ‘ಏನಾಯಿತು’ ಎಂಬ ಮಾತು ಮುಖ್ಯ. ಅದು ನಡೆದದ್ದನ್ನು ಕೇಳುತ್ತದೆ. ನಡೆದದ್ದನ್ನು ಹೇಳುವುದು ಎಲ್ಲರಿಗೂ ಬರುತ್ತದೆ. ಊರು, ತಾರೀಖು ಯಾರನ್ನು ಕೇಳಿದರೂ ಬಾಯಲ್ಲೇ ಇರುತ್ತವೆ, ಹುಡುಕಬೇಕಿಲ್ಲ. ಹಣ ಕಟ್ಟಿದ ಯುಪಿಐನ 12 ಅಂಕಿಗಳ ನಂಬರ್ ಬೇಕೇ ಬೇಕು, ಆದರೆ ಅದನ್ನು ಎರಡನೆಯ ಸಂದೇಶದಲ್ಲಿ, ವಿಷಯ ಗೊತ್ತಾದ ಮೇಲೆ ಕೇಳೋಣ. ಪಿನ್, ಓಟಿಪಿಗಳನ್ನು ಯಾವಾಗಲೂ ಕೇಳಕೂಡದು. ‘ಮತ್ತೆ ಬರೆಯಬೇಕಿಲ್ಲ’ ಎಂಬ ಸಾಲು ಬೇಕಾದದ್ದೇಕೆಂದರೆ, ಕೆಲವರು ಮೊದಲ ಸಂದೇಶದಲ್ಲೇ ಎಲ್ಲವನ್ನೂ ಬರೆದು ಸ್ಕ್ರೀನ್‌ಶಾಟ್ ಸಮೇತ ಕಳಿಸಿರುತ್ತಾರೆ. ತಾನಾಗಿ ಹೋಗುವ ಸಂದೇಶಕ್ಕೆ ಅದನ್ನು ಓದಲು ಬಾರದು. ಅಷ್ಟೆಲ್ಲ ಬರೆದವರನ್ನು ‘ನಿಮ್ಮ ಸಮಸ್ಯೆ ಏನು?’ ಎಂದು ಕೇಳಿದರೆ ಸಿಟ್ಟು ಬರದೆ ಇರುತ್ತದೆಯೇ? ಇನ್ನು 10 ನಿಮಿಷ ಎಂದು ಬರೆದ ಮೇಲೆ ಆ ಮಾತು ನಡೆಯಬೇಕು. ನಡೆಸಲಾಗದಿದ್ದರೆ ಒಂದು ಗಂಟೆ ಎಂದೇ ಬರೆಯಿರಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಈ ಸ್ವಾಗತ ಸಂದೇಶ ಎಲ್ಲ ಸಲವೂ ಹೋಗುವುದಿಲ್ಲ ಎಂಬುದು ಅನೇಕ ಅಂಗಡಿಯವರಿಗೆ ಗೊತ್ತಿಲ್ಲ. ಮೊದಲ ಬಾರಿ ಬರೆದವರಿಗೆ, ಇಲ್ಲವೇ 14 ದಿನ ಮಾತುಕತೆ ಇಲ್ಲದೆ ಮತ್ತೆ ಬರೆದವರಿಗೆ ಮಾತ್ರ ಹೋಗುತ್ತದೆ. ಕಳೆದ ವಾರ ಟಿಕೆಟ್ ಕೊಂಡು ಇವತ್ತು ‘ಹಾಯ್’ ಎಂದವರಿಗೆ ಏನೂ ಹೋಗದು. ಅಂಥವರಿಗಾಗಿ ಅದೇ ಸಾಲುಗಳನ್ನು ಚಿಕ್ಕದು ಮಾಡಿ ಕ್ವಿಕ್ ರಿಪ್ಲೈ ಆಗಿ ಇಟ್ಟುಕೊಂಡರೆ, `/` ಒತ್ತಿ ಅದರ ಹೆಸರು ಆರಿಸಿ ಆಫೀಸಿನವರೇ ಕಳಿಸಬಹುದು.

ದೊಡ್ಡ ಸಂಸ್ಥೆಗಳು ಬಳಸುವ ವಾಟ್ಸಾಪ್ ಸೇವೆಯಲ್ಲಿ ಸಂದೇಶದ ಕೆಳಗೆ ಮೂರು ಬಟನ್ ಇಡಬಹುದು. ಒಂದೊಂದರ ಮೇಲೆ 20 ಅಕ್ಷರ ಮಿತಿ. ಕನ್ನಡಕ್ಕೆ ಇದು ಇಕ್ಕಟ್ಟು. ಕಂಪ್ಯೂಟರ್ ಲೆಕ್ಕದಲ್ಲಿ ಕೊಂಬು, ಗುಡಿಸು, ಒತ್ತಿನ ಹಲಂತ ಎಲ್ಲವೂ ಬೇರೆ ಬೇರೆ. ‘ಹಣ ಹೋಯ್ತು, ಟಿಕೆಟ್ ಇಲ್ಲ’ ಎಂಬುದು ಕಣ್ಣಿಗೆ ಚಿಕ್ಕದು, ಎಣಿಸಿದರೆ 22 ಆಗುತ್ತದೆ, ಹಿಡಿಸುವುದಿಲ್ಲ. ‘ಟಿಕೆಟ್ ಬಂದಿಲ್ಲ’ ಎಂದರೆ 14. ಜಾಗ ಸಾಲದೆಂದು ‘ಪಾವತಿ ವಿಭಾಗ’, ‘ಸಾಮಾನ್ಯ ವಿಚಾರಣೆ’ ಎಂದು ಆಫೀಸಿನ ಒಳಗಿನ ಹೆಸರುಗಳನ್ನು ಹಾಕುವುದು ಬೇಡ. ತನ್ನ ತೊಂದರೆ ಯಾವ ವಿಭಾಗದ್ದೆಂದು ಪ್ರಯಾಣಿಕರು ತಿಳಿದಿರಬೇಕಾಗಿಲ್ಲ. ‘ಟಿಕೆಟ್ ಬಂದಿಲ್ಲ’, ‘ಬಸ್ ಬಂದಿಲ್ಲ’, ‘ಬೇರೆ ವಿಷಯ’ ಇಷ್ಟು ಸಾಕು. ‘ಬೇರೆ ವಿಷಯ’ ಒತ್ತುವವರೇ ಹೆಚ್ಚಾದರೆ ಉಳಿದ ಎರಡು ಬಟನ್ ಜನರ ಮಾತಿನಲ್ಲಿಲ್ಲ ಎಂದರ್ಥ.

ಸಂದೇಶ ಸರಿಯಾಗಿದೆಯೇ ಎಂದು ತಿಳಿಯಲು ದುಬಾರಿ ಸಾಫ್ಟ್‌ವೇರ್ ಬೇಡ. ಹಿಂದಿನ ವಾರದ ಐವತ್ತು ಮಾತುಕತೆ ತೆರೆದು, ಗ್ರಾಹಕರ ನಿಜವಾದ ತೊಂದರೆ ಅವರ ಎಷ್ಟನೆಯ ಸಂದೇಶದಲ್ಲಿ ಬಂತು ಎಂದು ಗುರುತು ಹಾಕಿಕೊಳ್ಳಿ. ಎರಡನೆಯದರಲ್ಲೇ ಬರುತ್ತಿದ್ದರೆ ನಿಮ್ಮ ಸಾಲು ಕೆಲಸ ಮಾಡುತ್ತಿದೆ. ನಾಲ್ಕು, ಐದಕ್ಕೆ ಹೋಗುತ್ತಿದ್ದರೆ ನಡುವೆ ಎಲ್ಲಿ ತಡೆಯಿತು ಎಂದು ಓದಿ. ಸಾಮಾನ್ಯವಾಗಿ ಅಲ್ಲಿ ನಿಮ್ಮದೇ ಒಂದು ಅನಗತ್ಯ ಪ್ರಶ್ನೆ ಸಿಗುತ್ತದೆ. ‘ಸರ್ ಇದ್ದೀರಾ?’ ಎಂಬುದು ಪದೇ ಪದೇ ಕಂಡರೆ ಉತ್ತರದ ಸಮಯ ತಿಳಿಸಿಲ್ಲ, ಇಲ್ಲವೇ ತಿಳಿಸಿ ಪಾಲಿಸಿಲ್ಲ.

ಒಂದನ್ನು ಮಾತ್ರ ಯಾವ ಸಂದೇಶವೂ ಸರಿಮಾಡದು. ರಾತ್ರಿ ಹನ್ನೊಂದಕ್ಕೆ ಹೆಂಗಸೊಬ್ಬರು ಮಗುವಿನೊಂದಿಗೆ ಬೈಪಾಸಿನಲ್ಲಿ ನಿಂತಿದ್ದಾರೆ, ಬಸ್ ಬಂದಿಲ್ಲ. ಅವರಿಗೆ ಚಾಟ್ ಬೇಡ, ಫೋನ್ ಎತ್ತುವವರು ಬೇಕು. ಫೋನ್ ಮಾಡಿ ಎಂಬ ಸಾಲು ಕೊನೆಯಲ್ಲಿದ್ದರೂ ಆ ನಂಬರ್ ಕೊನೆಯ ಬಸ್ ಊರು ಮುಟ್ಟುವ ತನಕ ಎದ್ದಿರಬೇಕು.

ನೀವೂ ಹೀಗೆ ವ್ಯವಹಾರ ನಡೆಸುವವರಾದರೆ, ಈವರೆಗೆ ನಿಮ್ಮ ಆಫೀಸಿಗೆ ಬರೆಯದ ಯಾರದಾದರೂ ಫೋನಿನಿಂದ ಇವತ್ತು ನಿಮ್ಮ ನಂಬರಿಗೇ ಒಂದು ‘ಹಾಯ್’ ಕಳಿಸಿ, ಏನು ಬರುತ್ತದೆ ಓದಿ. ಓದಿದ ಮೇಲೆ ಮುಂದೆ ಏನು ಬರೆಯಬೇಕೆಂದು ನಿಮಗೇ ಹೊಳೆಯದಿದ್ದರೆ ಆ ಸಾಲುಗಳನ್ನು ಇವತ್ತೇ ಬದಲಿಸಿ.