ಅಡುಗೆ ಪಟ್ಟಿಯಲ್ಲಿ ಯಾರಿಗೆ ಏನು ಆಗಲ್ಲ: ಇಂಗಿನ ಡಬ್ಬಿಯಿಂದ ಶುರುವಾದ ಒಂದು ಪ್ರೋಗ್ರಾಂ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಓದೋದೇ ಸುಲಭ ಅನ್ನೋರಿಗೆ ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದೀನಿ. ಕೋಡ್ ಕೂಡ ಇಲ್ಲೇ ಇದೆ, ಕಾಪಿ ಮಾಡ್ಕೊಳ್ಳಿ.

ಕಥೆ ಶುರುವಾಗಿದ್ದು ನಮ್ಮ ಅಕ್ಕನ ಮಗಳಿಂದ. ಅವಳಿಗೆ ಏಳು ವರ್ಷ, ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಇವುಗಳಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದ್ರೆ ಅವಳ ದೇಹ ತನ್ನ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡ್ಕೊಳ್ಳುತ್ತೆ. ಔಷಧ ಇಲ್ಲ, ಪಥ್ಯವೇ ಔಷಧ. ಅಕ್ಕ ಚಪಾತಿ, ಉಪ್ಪಿಟ್ಟು, ಬಿಸ್ಕತ್ತು, ಬ್ರೆಡ್ ಎಲ್ಲಾ ಬಿಡಿಸಿದ್ಲು. ಆದ್ರೂ ಒಂದು ವರ್ಷ ಆದ್ಮೇಲೆ ರಕ್ತ ಪರೀಕ್ಷೆಯಲ್ಲಿ ಟಿಟಿಜಿ ಅನ್ನೋ ಅಂಕಿ ಇಳೀತು, ಆದರೆ ಸರಿಯಾದ ಮಟ್ಟಕ್ಕೆ ಬರ್ಲಿಲ್ಲ. "ಎಲ್ಲೋ ಸ್ವಲ್ಪ ಹೋಗ್ತಿದೆ, ಹುಡುಕಿ" ಅಂದ್ರು ಡಾಕ್ಟರು.

ಅಕ್ಕ ವಾರದ ಅಡುಗೆ ಪಟ್ಟಿ ಬರೆದು ನನಗೆ ಕಳಿಸಿದ್ಲು. ನಾನು ಪುಣೆಯಲ್ಲಿ ಕೂತು ಅವಳಿಗೆ ಫೋನ್ ಮಾಡಿ ಒಂದೊಂದೇ ಡಬ್ಬಿಯ ಹಿಂದೆ ಏನ್ ಬರೆದಿದೆ ಅಂತ ಓದಿಸ್ದೆ. ಇಂಗಿನ ಡಬ್ಬಿ ಬಂದಾಗ, "ಏ, ಇಂಗಿನಾಗ ಎಲ್ಲಿ ಗೋಧಿ ಇರ್ತದೋ ತಮ್ಮಾ, ಬಿಡು" ಅಂದ್ಲು. ಓದು ಅಂದೆ. ಓದಿ ಸುಮ್ಮನಾದ್ಲು.

ನಮ್ಮ ಅಡುಗೆಮನೆಗೆ ಬರೋ ಪುಡಿ ಇಂಗು ಬರೀ ಇಂಗಲ್ಲ. ಶುದ್ಧ ಇಂಗಿನ ರಾಳ ತುಂಬಾ ಘಾಟು. ಅದನ್ನ ಹಿಟ್ಟು, ಗೋಂದಿನ ಜೊತೆ ಕಲಸಿ ಮಾರ್ತಾರೆ. ಅದಕ್ಕೇ ಡಬ್ಬಿ ಮೇಲೆ ‘ಕಾಂಪೌಂಡೆಡ್’ ಅಂತ ಇರುತ್ತೆ. ಆ ಹಿಟ್ಟು ಬಹಳ ಸಲ ಗೋಧಿದೇ. ಅಕ್ಕಿ ಹಿಟ್ಟಲ್ಲಿ ಮಾಡಿದ್ದೂ ಸಿಗುತ್ತೆ, ಆದರೆ ಹುಡುಕಿ ತರಬೇಕು.

"ಒಂದು ಚಿಟಿಕೆ ಇಂಗಲ್ಲಿ ಏನಾಗುತ್ತೆ" ಅನ್ನೋರಿಗೆ ಒಂದು ಅಂದಾಜು ಲೆಕ್ಕ. ನಾಲ್ಕು ಜನರ ಸಾರಿಗೆ ಅರ್ಧ ಗ್ರಾಂ ಇಂಗು ಹಾಕ್ತೀವಿ ಅನ್ಕೊಳ್ಳಿ, ಅದರಲ್ಲಿ ಅರ್ಧ ಗೋಧಿ ಹಿಟ್ಟು. ಅಂದ್ರೆ ಕಾಲು ಗ್ರಾಂ ಹಿಟ್ಟು. ಗೋಧಿ ಹಿಟ್ಟಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಗ್ಲುಟೆನ್. ಹಾಗಾಗಿ ಸುಮಾರು 25 ಮಿಲಿಗ್ರಾಂ, ತಲೆಗೆ 6 ಮಿಲಿಗ್ರಾಂ. ಸೀಲಿಯಾಕ್ ಇರೋರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗಿರಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಬೆಳಿಗ್ಗೆ ಚಟ್ನಿ ಒಗ್ಗರಣೆ, ಮಧ್ಯಾಹ್ನ ಸಾರು, ರಾತ್ರಿ ಮಜ್ಜಿಗೆ ಹುಳಿ, ಎಲ್ಲದರಲ್ಲೂ ಇಂಗು ಬಿದ್ರೆ ಮಿತಿ ದಾಟಿತು. ಇಂಗೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಅದು ಕಣ್ಣಿಗೆ ಬೀಳದೆ ದಿನಕ್ಕೆ ಮೂರು ಸಲ ತಟ್ಟೆಗೆ ಬರ್ತಿತ್ತು.

ಸರಿ, ಇದನ್ನ ಪ್ರೋಗ್ರಾಂ ಮಾಡೋಣ ಅಂತ ಕೂತೆ. ಮೊದಲನೇ ಪ್ರಯತ್ನ ನಾಚಿಕೆ ಆಗೋ ಹಾಗಿತ್ತು. ಪದಾರ್ಥದ ಹೆಸರಲ್ಲಿ ‘ಗೋಧಿ’ ಅನ್ನೋ ಪದ ಇದೆಯಾ ಅಂತ ಹುಡುಕೋದು, ಅಷ್ಟೇ. ಮೈದಾ, ಶಾವಿಗೆ, ಬಾಂಬೆ ರವೆ ಮೂರೂ ಪಾಸಾದವು, ಯಾಕಂದ್ರೆ ಹೆಸರಲ್ಲಿ ಗೋಧಿ ಇಲ್ಲ! ‘ರವೆ’ ಪದ ಸೇರಿಸಿದೆ, ಆಗ ಅಕ್ಕಿಯಿಂದ ಮಾಡಿದ ಇಡ್ಲಿ ರವೆ ಸಿಕ್ಕಿಬಿತ್ತು. ‘ಹಾಲು’ ಹುಡುಕಿದ್ರೆ ತೆಂಗಿನ ಹಾಲೂ ಅಪರಾಧಿ. ಜವೆಗೋಧಿ ಅಂದ್ರೆ ಬಾರ್ಲಿ, ಅದನ್ನ ಮಾತ್ರ ಸರಿಯಾಗಿ ಹಿಡೀತು, ಅದೂ ತಪ್ಪು ಕಾರಣಕ್ಕೆ. ಹೆಸರು ನೋಡಿ ನಿರ್ಧಾರ ಮಾಡೋದು ಬಿಡಬೇಕು, ಯಾವುದು ಯಾವುದರಿಂದ ಆಗಿದೆ ಅಂತ ಒಂದು ಪಟ್ಟಿ ಇಟ್ಕೊಬೇಕು.

```python
MADE_OF = {
  "ತಿಳಿಸಾರು": ["ತೊಗರಿಬೇಳೆ", "ಸಾರಿನ ಪುಡಿ", "ಇಂಗು"],
  "ಸಾರಿನ ಪುಡಿ": ["ಧನಿಯಾ", "ಮೆಣಸು", "ಇಂಗು"],
  "ಇಂಗು": ["ಇಂಗಿನ ರಾಳ", "ಗೋಧಿ"],
  "ಮೊಸರು": ["ಹಾಲು"],
  "ತೊಗರಿಬೇಳೆ": [], "ಧನಿಯಾ": [], "ಮೆಣಸು": [],
  "ಇಂಗಿನ ರಾಳ": [], "ಗೋಧಿ": [], "ಹಾಲು": [],
}
```

ಖಾಲಿ ಪಟ್ಟಿ ಅಂದ್ರೆ ಇನ್ನು ಬಿಡಿಸೋಕೆ ಏನೂ ಇಲ್ಲ, ಮೂಲ ಪದಾರ್ಥ ಅಂತ ಅರ್ಥ. ಈಗ ಒಂದು ಅಡುಗೆಯನ್ನ ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸ್ತಾ ಹೋಗೋದು. ಹೋಗುವಾಗ ಬಂದ ದಾರಿಯನ್ನ ಕೈಯಲ್ಲೇ ಹಿಡ್ಕೊಂಡಿರಬೇಕು.

```python
def check(item, banned, allowed=(), path=()):
    path = path + (item,)
    if item in allowed:
        return []
    if item in banned:
        return [("ಬೇಡ", path)]
    if item not in MADE_OF:
        return [("ಗೊತ್ತಿಲ್ಲ", path)]
    out = []
    for part in MADE_OF[item]:
        out += check(part, banned, allowed, path)
    return out
```

ಇಲ್ಲಿ `out` ಅನ್ನೋದು ಪಟ್ಟಿ, ಹೌದು ಅಥವಾ ಇಲ್ಲ ಅನ್ನೋ ಒಂದೇ ಉತ್ತರ ಅಲ್ಲ. ಆಫೀಸಲ್ಲಾದ್ರೆ ನಾವು `any()` ಬರೆದು ಮುಗಿಸ್ತಿದ್ವಿ, ಒಂದು ತಪ್ಪು ಸಿಕ್ಕ ತಕ್ಷಣ ನಿಲ್ಲೋದು. ಇಲ್ಲಿ ಅದು ಅಪಾಯ. ರವೆ ಇಡ್ಲಿ ತಗೊಳ್ಳಿ. ಮೊದಲ ತಪ್ಪು ಬಾಂಬೆ ರವೆ. ಪ್ರೋಗ್ರಾಂ ಅಷ್ಟಕ್ಕೇ ನಿಂತ್ರೆ ಅಕ್ಕ ರವೆ ತೆಗೆದು ಇಡ್ಲಿ ರವೆ ಹಾಕಿ, "ಈಗ ಸರಿ ಆತು" ಅಂತ ಮಗಳಿಗೆ ಬಡಿಸ್ತಾಳೆ. ಒಗ್ಗರಣೆಯ ಇಂಗು ಅಲ್ಲೇ ಇರುತ್ತೆ. ತಿಳಿಸಾರಲ್ಲಂತೂ ಇಂಗು ಎರಡು ದಾರಿಯಲ್ಲಿ ಬರುತ್ತೆ, ಒಗ್ಗರಣೆಯಿಂದ ಒಂದು, ಸಾರಿನ ಪುಡಿಯಿಂದ ಒಂದು. ಒಗ್ಗರಣೆಗೆ ಹೊಸ ಇಂಗು ತಂದ್ರೂ ಆರು ತಿಂಗಳ ಹಿಂದೆ ಕುಟ್ಟಿಸಿಟ್ಟ ಪುಡಿಯಲ್ಲಿ ಹಳೇದು ಕೂತಿರುತ್ತೆ. ಅದಕ್ಕೇ ಎರಡೂ ದಾರಿ ಬೇರೆ ಬೇರೆ ಸಾಲಾಗಿ ಕಾಣಬೇಕು.

ಈಗ ಎರಡನೇ ಪಾತ್ರ, ನಮ್ಮ ಅತ್ತೆಯವರು. ದಸರೆಗೆ ಅಕ್ಕನ ಕುಟುಂಬ, ಅತ್ತೆಯವರು ಎಲ್ಲಾ ನಮ್ಮನೆಗೆ ಬರೋರಿದ್ರು. ಅತ್ತೆ ಚಾತುರ್ಮಾಸ್ಯ ವ್ರತ ಮಾಡ್ತಾರೆ. ಗೊತ್ತಿಲ್ಲದೋರಿಗೆ: ನಾಲ್ಕು ತಿಂಗಳಲ್ಲಿ ಒಂದೊಂದು ತಿಂಗಳು ಒಂದೊಂದು ಬಿಡೋದು. ಮೊದಲು ತರಕಾರಿ, ಆಮೇಲೆ ಮೊಸರು, ಮೂರನೇ ತಿಂಗಳು ಹಾಲು, ಕೊನೆಗೆ ಬೇಳೆಕಾಳು. ದಸರೆ ಹೊತ್ತಿಗೆ ನಡೀತಿರೋದು ಕ್ಷೀರವ್ರತ, ಅಂದ್ರೆ ಹಾಲು ಬೇಡ. ಆದ್ರೆ ಮೊಸರು, ಮಜ್ಜಿಗೆ, ತುಪ್ಪ ನಡೆಯುತ್ತೆ.

ನನ್ನ ಪ್ರೋಗ್ರಾಂ ಇಲ್ಲಿ ಮುಗ್ಗರಿಸಿತು. ಮೊಸರು ಆಗಿರೋದು ಹಾಲಿಂದ, ಹಾಲು ನಿಷಿದ್ಧ, ಆದ್ದರಿಂದ ಮಜ್ಜಿಗೆ ಹುಳಿ ಬೇಡ ಅಂತು. ತರ್ಕ ಸರಿ, ಉತ್ತರ ತಪ್ಪು. ಹಾಲಿನ ಅಲರ್ಜಿ ಇರೋ ಮಗುವಿಗಾದ್ರೆ ಅದೇ ಉತ್ತರ ಸರಿ, ಯಾಕಂದ್ರೆ ಹಾಲಿನ ಪ್ರೋಟೀನ್ ಮೊಸರಲ್ಲೂ ಇರುತ್ತೆ. ಲ್ಯಾಕ್ಟೋಸ್ ಜೀರ್ಣ ಆಗದೋರಿಗೆ ಮತ್ತೆ ಬೇರೆ, ಅವರಲ್ಲಿ ಎಷ್ಟೋ ಜನಕ್ಕೆ ಮೊಸರು ಒಗ್ಗುತ್ತೆ. ಮೂವರೂ ಬಾಯಲ್ಲಿ ಹೇಳೋದು ಒಂದೇ ಮಾತು: "ನಂಗೆ ಹಾಲು ಆಗಲ್ಲ". ಹಾಗಾಗಿ ನಿಷೇಧದ ಜೊತೆಗೆ, ಅದರಿಂದ ಆದ ಪದಾರ್ಥಗಳಲ್ಲಿ ಯಾವುದು ನಡೆಯುತ್ತೆ ಅಂತಲೂ ಆ ವ್ಯಕ್ತಿಯನ್ನೇ ಕೇಳಿ ಬರ್ಕೊಬೇಕು. `allowed` ಇರೋದು ಅದಕ್ಕೇ. ಮೊಸರು ಅಲ್ಲಿದ್ರೆ ಪ್ರೋಗ್ರಾಂ ಅದರ ಒಳಗೆ ಇಣುಕೋದಿಲ್ಲ. ಹಾಗಂತ ಇದನ್ನ ಧಾರಾಳವಾಗಿ ಬಳಸಬೇಡಿ. ಇಂಗನ್ನ ಮಗುವಿನ `allowed` ಪಟ್ಟಿಗೆ ಹಾಕಿದ್ರೆ ಅದರೊಳಗಿನ ಗೋಧಿ ಸದ್ದಿಲ್ಲದೆ ದಾಟುತ್ತೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಓಡಿಸಿ. ವ್ರತದ ನಿಯಮಕ್ಕೆ ತಾರೀಖೂ ಬೇಕು, ಮುಂದಿನ ತಿಂಗಳು ಹಾಲು ಬರುತ್ತೆ, ಬೇಳೆ ಹೋಗುತ್ತೆ.

ವಿಜಯದಶಮಿಯ ಹಿಂದಿನ ದಿನದ ಪಟ್ಟಿಗೆ ಬಂದ ಉತ್ತರ ಹೀಗಿತ್ತು:

```
ಮಗು (ಗೋಧಿ, ಬಾರ್ಲಿ, ರೈ ಬೇಡ)
  ಬೇಡ      ರವೆ ಇಡ್ಲಿ > ಬಾಂಬೆ ರವೆ > ಗೋಧಿ
  ಬೇಡ      ರವೆ ಇಡ್ಲಿ > ಇಂಗು > ಗೋಧಿ
  ಬೇಡ      ತಿಳಿಸಾರು > ಸಾರಿನ ಪುಡಿ > ಇಂಗು > ಗೋಧಿ
  ಬೇಡ      ತಿಳಿಸಾರು > ಇಂಗು > ಗೋಧಿ
  ಬೇಡ      ಪಾಯಸ > ಶಾವಿಗೆ > ಗೋಧಿ
  ಗೊತ್ತಿಲ್ಲ   ಅಂಗಡಿ ಚಟ್ನಿಪುಡಿ
ಅತ್ತೆ (ಹಾಲು ಬೇಡ; ಮೊಸರು, ಮಜ್ಜಿಗೆ, ತುಪ್ಪ ನಡೆಯುತ್ತೆ)
  ಬೇಡ      ಪಾಯಸ > ಹಾಲು
  ಗೊತ್ತಿಲ್ಲ   ಅಂಗಡಿ ಚಟ್ನಿಪುಡಿ
```

ಓದಿದ್ರೆ ಏನು ಬದಲಿಸಬೇಕು ಅಂತ ತಾನಾಗೇ ಕಾಣುತ್ತೆ. ಅಕ್ಕಿ ಹಿಟ್ಟಿನ ಇಂಗು ಒಂದು ಡಬ್ಬಿ, ಹೊಸದಾಗಿ ಸಾರಿನ ಪುಡಿ, ಇವೆರಡರಿಂದ ಮೂರು ಸಾಲು ಹೋದವು. ಶಾವಿಗೆ ಬದಲು ಕಡಲೆಬೇಳೆ, ಹಾಲಿನ ಬದಲು ತೆಂಗಿನ ಹಾಲು, ಬೆಲ್ಲ ಹಾಕಿ ಪಾಯಸ ಮಾಡಿದ್ರೆ ಇಬ್ಬರಿಗೂ ಆಯ್ತು. (ನನ್ನ ಹೆಂಡತಿ ಇದನ್ನ ಪ್ರೋಗ್ರಾಂ ಇಲ್ಲದೇ ಎರಡು ನಿಮಿಷದಲ್ಲಿ ಹೇಳಿದ್ಲು, ಆದ್ರೆ ಅವಳಿಗೂ ಸಾರಿನ ಪುಡಿ ಹೊಳೆದಿರ್ಲಿಲ್ಲ!)

‘ಗೊತ್ತಿಲ್ಲ’ ಅನ್ನೋ ಸಾಲಿನ ಬಗ್ಗೆ ಸ್ವಲ್ಪ. ಪಟ್ಟಿಯಲ್ಲಿಲ್ಲದ ಪದಾರ್ಥ ಬಂದ್ರೆ ಮೊದಲು ನನ್ನ ಕೋಡ್ ಖಾಲಿ ಉತ್ತರ ಕೊಡ್ತಿತ್ತು, ಖಾಲಿ ಅಂದ್ರೆ ತೊಂದರೆ ಇಲ್ಲ ಅಂತ ನಾವು ಓದ್ಕೊಳ್ತಿದ್ವಿ. ಟೈಪ್ ಮಾಡುವಾಗ ‘ಶಾವಿಗೆ’ ಬದಲು ‘ಶ್ಯಾವಿಗೆ’ ಅಂತ ಬರೆದ್ರೂ ಪಾಸ್! ಈಗ ಹಾಗೆ ಬರೆದ್ರೆ ‘ಗೊತ್ತಿಲ್ಲ’ ಅಂತ ಬರುತ್ತೆ, ಕಾಗುಣಿತದ ತಪ್ಪೂ ಸಿಗುತ್ತೆ. ಲೇಬಲ್ ಮೇಲೆ ಬರೀ ‘ಎಡಿಬಲ್ ಸೀರಿಯಲ್ ಫ್ಲೋರ್’ ಅಂತ ಇದ್ದು ಯಾವ ಧಾನ್ಯ ಅಂತ ಬರೆದಿಲ್ವಾ, ಅದೂ ‘ಗೊತ್ತಿಲ್ಲ’ವೇ. ಮೊದಲು ಕೆಳಗೆ ಅಲರ್ಜಿ ಸೂಚನೆಯ ಸಾಲು ನೋಡಿ, ಗೋಧಿ ಇದ್ರೆ ಅಲ್ಲಿ ಹೇಳಲೇಬೇಕು ಅಂತ ನಿಯಮ ಇದೆ. ಬಿಡಿಯಾಗಿ ತೂಗಿ ಕೊಟ್ಟ ಇಂಗಿಗೆ ಲೇಬಲ್ಲೇ ಇರಲ್ಲ, ಅದನ್ನ ಮಗುವಿಗೆ ಹಾಕಬೇಡಿ.

ಈ ವಿಧಾನ ಹಿಡಿಯಲಾಗದ್ದು ಒಂದಿದೆ. ಜೋಳದ ರೊಟ್ಟಿ. ಅದರಲ್ಲಿರೋದು ಜೋಳ, ಪ್ರೋಗ್ರಾಂ ಪ್ರಕಾರ ಶುದ್ಧ. ಆದ್ರೆ ಹಿಟ್ಟು ಬೀಸಿಸಿದ್ದು ಗಿರಣಿಯಲ್ಲಿ. ನಮಗಿಂತ ಮುಂಚೆ ಬಂದೋರು ಗೋಧಿ ಬೀಸಿಸಿರ್ತಾರೆ, ಕಲ್ಲಿನ ಸಂದಿಯಲ್ಲಿ ಉಳಿದಿದ್ದು ನಮ್ಮ ಚೀಲಕ್ಕೆ ಬರುತ್ತೆ. ಚಪಾತಿ ಲಟ್ಟಿಸಿದ ಮಣೆ, ಪೂರಿ ಕರಿದ ಎಣ್ಣೆ ಕೂಡ ಹಾಗೇ. ಇದು ಪದಾರ್ಥದ ಪಟ್ಟಿಯಲ್ಲಿ ಇರಲ್ಲ. ನಾನು ‘ಗಿರಣಿ ಜೋಳದ ಹಿಟ್ಟು’ ಅಂತ ಬೇರೆ ಹೆಸರು ಕೊಟ್ಟು, ಬೇಕಂತಲೇ `MADE_OF` ಒಳಗೆ ಸೇರಿಸದೆ ಬಿಟ್ಟೆ. ಪ್ರತಿ ಸಲ ‘ಗೊತ್ತಿಲ್ಲ’ ಅಂತ ಬರುತ್ತೆ, ಪ್ರತಿ ಸಲ ಯಾರಾದ್ರೂ ಎಲ್ಲಿ ಬೀಸಿಸಿದ್ದು ಅಂತ ಕೇಳಲೇಬೇಕು.

ಅಕ್ಕನಿಗೆ ಈ ಕೇಳೋದೇ ಸಾಕಾಗಿ ಹೋಯ್ತು. ಈಗ ಮನೆಯಲ್ಲೇ ಸಣ್ಣ ಹಿಟ್ಟಿನ ಗಿರಣಿ ಇಟ್ಕೊಂಡಿದ್ದಾಳೆ, ಅದಕ್ಕೆ ಗೋಧಿ ಹಾಕೋ ಹಾಗಿಲ್ಲ. ಭಾವನಿಗೆ ಚಪಾತಿ ಬೇಕಾದ್ರೆ ಹೊರಗೆ ತಿಂದು ಬರ್ತಾರೆ.